ತಿದ್ದಿದ ಹೆಸರುಗಳೇ ಮಾಯವಾದವು: ಒಂದು ಸದಸ್ಯರ ಪಟ್ಟಿಯ ಕಥೆ

ನಮ್ಮ ಭಾವ ಒಂದು ಪತ್ತಿನ ಸಹಕಾರ ಸಂಘದ ಕಾರ್ಯದರ್ಶಿ. ಒಂದು ಭಾನುವಾರ ಬೆಳಿಗ್ಗೆ ಫೋನ್ ಮಾಡಿದರು. "ಸದಸ್ಯರ ಪಟ್ಟಿ ಪೂರ್ತಿ ಹಾಳಾಗೋಯ್ತಪ್ಪ. ಅರ್ಧ ಚೈನೀಸ್ ಥರ ಬರ್ತಿದೆ, ಇನ್ನರ್ಧ ಬರೀ ಕೊಶ್ಚನ್ ಮಾರ್ಕು. ಸ್ವಲ್ಪ ಬಂದು ನೋಡ್ತೀಯಾ?" ಎಂದರು.

ಹೋಗಿ ನೋಡಿದೆ. ಚೈನೀಸ್ ಅಲ್ಲ, ಅರ್ಧವೂ ಅಲ್ಲ. ಆದರೆ ಅವರ ಗಾಬರಿಗೆ ಕಾರಣ ಇತ್ತು. 1,846 ಸದಸ್ಯರ ಹೆಸರು, ತಂದೆ ಅಥವಾ ಗಂಡನ ಹೆಸರು, ಊರು, ಹುಟ್ಟಿದ ದಿನಾಂಕ ಇದ್ದ ಫೈಲ್ ಅದು. ಹಳೆಯ ಸಾಫ್ಟ್‌ವೇರ್‌ನಿಂದ ತೆಗೆದು ಹೊಸದಕ್ಕೆ ಹಾಕಬೇಕಿತ್ತು. ಹಳೆಯ ಕಂಪ್ಯೂಟರನ್ನು ಆಗಲೇ ಫಾರ್ಮ್ಯಾಟ್ ಮಾಡಿ ಕೌಂಟರಿನಲ್ಲಿ ಬೇರೆ ಕೆಲಸಕ್ಕೆ ಇಟ್ಟಿದ್ದರು. ಉಳಿದಿದ್ದು ಪೆನ್ ಡ್ರೈವ್‌ನಲ್ಲಿದ್ದ ಒಂದೇ ಒಂದು ಸಿಎಸ್‌ವಿ ಫೈಲ್.

ಹೊಸ ಸಾಫ್ಟ್‌ವೇರಿನ ಪರದೆಯಲ್ಲಿ ಕಂಡಿದ್ದು ಹೀಗೆ. ಕಮಲ ಎಂಬ ಸದಸ್ಯೆಯ ಹೆಸರು `à²•à²®à²²` ಆಗಿತ್ತು. ಇನ್ನೊಂದು ಕಡೆ ಬರೀ `???????` ಇತ್ತು. ವಿಳಾಸದ ಕಾಲಂನಲ್ಲಿ ಕೆಲವು ಕಡೆ ಕ್ಯಾಪಿಟಲ್ `P`, ನಡುವೆ ಯೂರೋ ಗುರುತು, ಮೇಲೆ ಅಲೆ ಎಳೆದ `Ã`. ಎಲ್ಲವೂ ಒಂದೇ ಕಸದ ಬುಟ್ಟಿಯಂತೆ ಕಾಣುತ್ತಿತ್ತು. ಆದರೆ ಅವು ಮೂರು ಬೇರೆ ಬೇರೆ ಕಾಯಿಲೆಗಳು. ಒಂದು ಕಾಯಿಲೆಯೇ ಅಲ್ಲ. ಇನ್ನೊಂದಕ್ಕೆ ಮದ್ದಿದೆ. ಮೂರನೆಯದಕ್ಕೆ ಇಲ್ಲ.

ನಾನು ಮೊದಲು ಕೇಳಿದ್ದು ಒಂದೇ ಪ್ರಶ್ನೆ. "ಈ ಫೈಲನ್ನ ಯಾರಾದರೂ ತೆಗೆದು ಸೇವ್ ಮಾಡಿದ್ದೀರಾ?"

ಗುಮಾಸ್ತರು ಸ್ವಲ್ಪ ಹಿಂಜರಿದರು. ಸಂಘದಲ್ಲಿ ಇಪ್ಪತ್ತು ವರ್ಷದಿಂದ ಇರುವವರು. "ನಾನೇ ಸಾರ್. ಡಬಲ್ ಕ್ಲಿಕ್ ಮಾಡಿದೆ, ಎಕ್ಸೆಲ್‌ನಲ್ಲಿ ಓಪನ್ ಆಯ್ತು. ಎಲ್ಲಾ ಕಾಗೆ ಕಾಲು ಗುಬ್ಬಿ ಕಾಲು. ನನಗೆ ಬಾಯಿಪಾಠ ಇರೋ ಎರಡು ಹಳ್ಳಿ ಹೆಸರುಗಳನ್ನ ಮತ್ತೆ ಟೈಪ್ ಮಾಡಿದೆ. ಎರಡು ದಿನ ಕೂತು ಮಾಡಿದ್ದು ಸಾರ್. ಸೇವ್ ಮಾಡಿದಾಗ ಸರಿಯಾಗೇ ಕಾಣ್ತಿತ್ತು."

ಆ ಕೊನೆಯ ಮಾತು ನಿಜ. ಸೇವ್ ಮಾಡಿದ ಮೇಲೂ ಎಕ್ಸೆಲ್ ಪರದೆಯಲ್ಲಿ ಕನ್ನಡ ಹಾಗೇ ಇರುತ್ತದೆ. ಫೈಲ್ ಮುಚ್ಚಿ ಮತ್ತೆ ತೆಗೆದಾಗಲೇ ಗೊತ್ತಾಗುವುದು. ಅವರು ಮತ್ತೆ ತೆಗೆದು ನೋಡಿರಲಿಲ್ಲ.

ಫೈಲಿನಲ್ಲಿ ನಿಜಕ್ಕೂ ಏನಿದೆ ಎಂದು ನೋಡಲು ಪರದೆಯನ್ನು ನಂಬಬಾರದು. ಪರದೆ ತೋರಿಸುವುದು ಯಾವುದೋ ಒಂದು ಪ್ರೋಗ್ರಾಂ ಫೈಲನ್ನು ಹೇಗೆ ಓದಿಕೊಂಡಿತು ಎಂಬುದನ್ನು ಮಾತ್ರ. ಫೈಲಿನೊಳಗೆ ಇರುವುದು ಬೈಟ್‌ಗಳು, ಅಂದರೆ 0ಯಿಂದ 255ರವರೆಗಿನ ಅಂಕಿಗಳು. ಮೊದಲು ಫೈಲಿನ ಒಂದು ಪ್ರತಿ ತೆಗೆದು ಪಕ್ಕಕ್ಕಿಟ್ಟೆ. ಆಮೇಲೆ ಪವರ್‌ಶೆಲ್‌ನಲ್ಲಿ ಬೈಟ್‌ಗಳನ್ನು ನೋಡಿದೆ.

```
Format-Hex -Path .\sadasyaru.csv
```

ಎರಡು ಸಾಲಿನ ಮೊದಲ ತುಂಡು ಹೀಗಿತ್ತು. ಓದಲು ಸುಲಭವಾಗಲಿ ಎಂದು ಬಿಡಿಸಿ ಬರೆದಿದ್ದೇನೆ.

```
417,  34 31 37 2C   E0 B2 95  E0 B2 AE  E0 B2 B2
422,  34 32 32 2C   3F 3F 3F 3F 3F 3F 3F
```

ಮೊದಲ ಸಾಲು ನೋಡಿದ ಕೂಡಲೇ ನನಗೆ ಅರ್ಧ ಭಾರ ಇಳಿಯಿತು. ಕನ್ನಡಕ್ಕೆ ಯೂನಿಕೋಡ್‌ನಲ್ಲಿ ಕೊಟ್ಟಿರುವ ಜಾಗ `0C80`ರಿಂದ `0CFF`ವರೆಗೆ. ಯುಟಿಎಫ್-8 ವಿಧಾನದಲ್ಲಿ ಬರೆದಾಗ ಅದರಲ್ಲಿನ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು. ಮೊದಲ ಎರಡು ಬೈಟ್ ಯಾವಾಗಲೂ `E0 B2` ಅಥವಾ `E0 B3`. ಬೇರೆ ಸಾಧ್ಯವೇ ಇಲ್ಲ. ಹಾಗಾಗಿ `E0 B2 95 E0 B2 AE E0 B2 B2` ಅಂದರೆ ಕ, ಮ, ಲ. ಕಮಲ ಫೈಲಿನಲ್ಲಿ ಸುಖವಾಗಿದ್ದರು. ಓದಿದ ರೀತಿ ತಪ್ಪಾಗಿತ್ತು, ಅಷ್ಟೇ.

ತಪ್ಪು ಓದು ಆಗಿದ್ದು ಹೀಗೆ. ಪಶ್ಚಿಮ ಯುರೋಪಿನ ಭಾಷೆಗಳಿಗೆ ವಿಂಡೋಸ್-1252 ಎಂಬ ಹಳೆಯ ಪಟ್ಟಿ ಇದೆ. ಅದರಲ್ಲಿ ಒಂದು ಬೈಟ್‌ಗೆ ಒಂದು ಅಕ್ಷರ. `E0` ಅಂದರೆ `à`, `B2` ಅಂದರೆ `²`, `95` ಅಂದರೆ `•`. ಮೂರು ಬೈಟ್ ಸೇರಿ ಒಂದು ಕ ಆಗಬೇಕಿದ್ದ ಕಡೆ ಮೂರು ಬಿಡಿ ಗುರುತು ಬಂದವು. ಕನ್ನಡ ಫೈಲ್ ತೆಗೆದಾಗ ಎಲ್ಲಾ ಕಡೆ `à²` ಮತ್ತು `à³` ಕುಣಿಯುತ್ತಿದ್ದರೆ ಬೇರೇನೂ ಯೋಚಿಸಬೇಕಿಲ್ಲ. ಅದು ಯುಟಿಎಫ್-8 ಕನ್ನಡ, ಅದನ್ನು 1252 ಎಂದು ಓದಿದ್ದಾರೆ. ಹಿಂದಿಯಾಗಿದ್ದರೆ `à¤` ಮತ್ತು `à¥` ಕಾಣುತ್ತಿತ್ತು.

ಎರಡನೇ ಸಾಲು ಮಾತ್ರ ಬೇಜಾರಿನದು. `3F` ಅಂದರೆ ಪ್ರಶ್ನಾರ್ಥಕ ಚಿಹ್ನೆ. ಅದರ ಹಿಂದೆ ಏನೂ ಅಡಗಿಲ್ಲ. ಕೆಲವರು ಫಾಂಟ್ ಬದಲಾಯಿಸಿ ನೋಡುತ್ತಾರೆ, ಎನ್‌ಕೋಡಿಂಗ್ ಪಟ್ಟಿಯಲ್ಲಿ ಇರುವುದನ್ನೆಲ್ಲ ಒತ್ತುತ್ತಾರೆ. ಸುಮ್ನೆ ಟೈಮ್ ವೇಸ್ಟು. ಫೈಲಿನಲ್ಲೇ `3F` ಇದ್ದರೆ ಅಲ್ಲಿ ಕನ್ನಡ ಇಲ್ಲ. ಯಾರೋ ಅಳಿಸಿ, ಆ ಜಾಗದಲ್ಲಿ ಕಲ್ಲು ಇಟ್ಟು ಹೋಗಿದ್ದಾರೆ.

ಅದು ಹೇಗೆ ಆಯಿತು ಎನ್ನುವುದೇ ಈ ಪ್ರಕರಣದ ಮುಖ್ಯ ಭಾಗ. ನನಗೂ ಬಿಡಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು.

ಹಳೆಯ ಸಾಫ್ಟ್‌ವೇರ್ ಫೈಲನ್ನು ಯುಟಿಎಫ್-8ನಲ್ಲೇ ಸರಿಯಾಗಿ ಕೊಟ್ಟಿತ್ತು. ಆದರೆ ಫೈಲಿನ ತಲೆಯಲ್ಲಿ `EF BB BF` ಎಂಬ ಮೂರು ಬೈಟ್‌ನ ಗುರುತು ಇರಲಿಲ್ಲ. ಇದಕ್ಕೆ ಬಿಒಎಂ ಎನ್ನುತ್ತಾರೆ. ಅದು ಇದ್ದರೆ ಡಬಲ್ ಕ್ಲಿಕ್ ಮಾಡಿದಾಗ ಎಕ್ಸೆಲ್ "ಇದು ಯುಟಿಎಫ್-8" ಎಂದು ತಿಳಿದುಕೊಳ್ಳುತ್ತದೆ. ಇಲ್ಲದಿದ್ದರೆ ವಿಂಡೋಸ್‌ನಲ್ಲಿ ಯೂನಿಕೋಡ್ ಅರಿಯದ ಪ್ರೋಗ್ರಾಂಗಳಿಗೆಂದು ಯಾವ ಭಾಷೆ ಇಟ್ಟಿದೆಯೋ ಆ ಪಟ್ಟಿಯಂತೆ ಓದುತ್ತದೆ. ಸಂಘದ ಯಂತ್ರದಲ್ಲಿ ಅದು ಇಂಗ್ಲಿಷ್, ಅಂದರೆ 1252. ಅವರಲ್ಲಿದ್ದಿದ್ದು ಎಕ್ಸೆಲ್ 2013.

ಗುಮಾಸ್ತರಿಗೆ `à²` ಕಂಡಿತು. ಅವರು ಆ ಕಸ ಅಳಿಸಿ ಯೂನಿಕೋಡ್ ಕೀಲಿಮಣೆಯಲ್ಲಿ ಚೆಂದವಾಗಿ ಕನ್ನಡ ಟೈಪ್ ಮಾಡಿದರು. ಅದೇ ಹಾಳೆಯಲ್ಲಿ ಈಗ ಎರಡು ಥರದ ಕೋಶಗಳು. ತಿದ್ದಿದ ಕೋಶದಲ್ಲಿ ನಿಜವಾದ ಕನ್ನಡ. ತಿದ್ದದ ಕೋಶದಲ್ಲಿ `à`, `²`, `•` ಎಂಬ ಯುರೋಪಿನ ಅಕ್ಷರಗಳು. ಆಮೇಲೆ ಸೇವ್ ಒತ್ತಿದರು. ಫೈಲ್ ಬಗೆ `CSV (Comma delimited)`. ಈ ಬಗೆಯಲ್ಲಿ ಎಕ್ಸೆಲ್ ಮತ್ತೆ 1252 ಪಟ್ಟಿಯನ್ನೇ ಬಳಸಿ ಬರೆಯುತ್ತದೆ.

ಈಗ ಯೋಚಿಸಿ. ತಿದ್ದದ ಕೋಶದಲ್ಲಿದ್ದ `à` ಮತ್ತೆ `E0` ಆಯಿತು. `²` ಮತ್ತೆ `B2` ಆಯಿತು. `•` ಮತ್ತೆ `95` ಆಯಿತು. ಅಂದರೆ ಮೊದಲು ಇದ್ದ ಬೈಟ್‌ಗಳೇ ಒಂದೂ ಹೆಚ್ಚುಕಡಿಮೆ ಇಲ್ಲದೆ ವಾಪಸ್ ಬಂದವು. ತಪ್ಪು ಓದಿದ್ದನ್ನು ಅದೇ ತಪ್ಪಿನಲ್ಲಿ ಬರೆದರೆ ಲೆಕ್ಕ ಚುಕ್ತಾ. ತಿದ್ದಿದ ಕೋಶದ ಕನ್ನಡಕ್ಕೆ ಮಾತ್ರ 1252ರಲ್ಲಿ ಜಾಗವೇ ಇಲ್ಲ. ಎಕ್ಸೆಲ್ ಅದರ ಒಂದೊಂದು ಚಿಹ್ನೆಗೂ ಒಂದೊಂದು `?` ಹಾಕಿತು.

ಹೀಗೆ ಯಾವ ಹೆಸರುಗಳನ್ನು ಅವರು ಎರಡು ದಿನ ಕೂತು ಸರಿ ಮಾಡಿದ್ದರೋ ಅವಷ್ಟೇ ಹಾಳಾದವು. ಕಸ ಎಂದು ಬಿಟ್ಟಿದ್ದೆಲ್ಲ ಕ್ಷೇಮ. ಇದನ್ನು ಅವರಿಗೆ ಹೇಳುವುದು ನನಗೆ ಸುಲಭವಾಗಲಿಲ್ಲ. ಕೇಳಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದರು. ಆಮೇಲೆ, "ಹಾಗಾದ್ರೆ ಪೂರ್ತಿ ಮಾಡದೇ ಇದ್ದಿದ್ದೇ ಒಳ್ಳೇದಾಯ್ತು ಅನ್ನಿ" ಎಂದರು. ಹೌದು, ಅದೇ ಉಳಿಸಿದ್ದು.

ಸೆಟ್ಟಿಂಗ್ಸ್‌ನಲ್ಲಿ ಆ ಭಾಷೆಯನ್ನು ಕನ್ನಡಕ್ಕೆ ಬದಲಾಯಿಸಿದ್ದರೆ ಸರಿ ಹೋಗುತ್ತಿತ್ತಲ್ಲ ಎಂದು ಕೇಳಬಹುದು. ಇಲ್ಲ. ರಷ್ಯನ್‌ಗೆ 1251, ಗ್ರೀಕ್‌ಗೆ 1253 ಎಂದು ವಿಂಡೋಸ್‌ನಲ್ಲಿ ಹಳೆಯ ಪಟ್ಟಿಗಳಿವೆ. ಕನ್ನಡಕ್ಕೆ ಆ ಸಾಲಿನಲ್ಲಿ ಒಂದು ಪಟ್ಟಿಯೇ ಇಲ್ಲ. ವಿಂಡೋಸ್‌ನಲ್ಲಿ ಕನ್ನಡ ಬರೀ ಯೂನಿಕೋಡ್ ಭಾಷೆ. ವಿಂಡೋಸ್ 10ರ 2018ರ ಆವೃತ್ತಿಯಿಂದ ಈಚೆಗೆ ಅದೇ ಜಾಗದಲ್ಲಿ `Beta: Use Unicode UTF-8 for worldwide language support` ಎಂಬ ಒಂದು ಆಯ್ಕೆ ಬಂದಿದೆ. ಅದನ್ನು ಒತ್ತಿದರೆ ಕೆಲವು ಹಳೆಯ ಪ್ರೋಗ್ರಾಂಗಳು ಮುನಿಸಿಕೊಳ್ಳುತ್ತವೆ. ಸಂಘದ ಪ್ರಿಂಟಿಂಗ್ ಎಲ್ಲ ಅಂಥ ಹಳೆಯ ಪ್ರೋಗ್ರಾಂ ಮೇಲೆ ನಿಂತಿತ್ತು, ನಾನು ಅದರ ತಂಟೆಗೆ ಹೋಗಲಿಲ್ಲ.

ಇಷ್ಟರಲ್ಲಿ ಇನ್ನೊಂದು ರಿಪೇರಿ ನಡೆದಿತ್ತು. ಹೊಸ ಸಾಫ್ಟ್‌ವೇರ್ ಕೊಟ್ಟವರ ಕಡೆಯ ಹುಡುಗ ಇಂಪೋರ್ಟ್ ಮಾಡುವಾಗ ಎನ್‌ಕೋಡಿಂಗ್ ಪಟ್ಟಿಯಲ್ಲಿ ಮೊದಲೇ ಆಯ್ಕೆಯಾಗಿದ್ದ `Western European (Windows-1252)` ಹಾಗೇ ಬಿಟ್ಟಿದ್ದ. ಅದಕ್ಕೇ ಎಲ್ಲ ಕಡೆ `à²`. ಅದನ್ನು ನೋಡಿ ಡೇಟಾಬೇಸ್ ಒಳಗೇ ವಾಪಸ್ ತಿರುಗಿಸಲು ಹೊರಟಿದ್ದ. ಯೋಚನೆ ಸರಿಯೇ. ಪೈಥಾನ್‌ನಲ್ಲಿ ಒಂದೇ ಸಾಲು.

```python
print("à²•à²®à²²".encode("cp1252").decode("utf-8"))
```

ಇದು ಕಮಲ ಎಂದು ಕೊಡುತ್ತದೆ. ಆದರೆ ಗಂಗಮ್ಮನಿಗೆ ಬಂದಾಗ ಎಡವಿತು. ಮಂಜುಳಾಗೆ ಬಂದಾಗಲೂ ಎಡವಿತು. ಅವನಿಗೆ ಕಾರಣ ಹೊಳೆದಿರಲಿಲ್ಲ, "ಕೆಲವು ಹೆಸರು ಆಗ್ತಿವೆ, ಕೆಲವು ಆಗ್ತಿಲ್ಲ ಸಾರ್" ಎಂದ. ಯಾವುದು ಆಗುತ್ತಿಲ್ಲ ಎಂದು ಪಟ್ಟಿ ಮಾಡಿಸಿದೆ. ಒತ್ತಕ್ಷರ ಇರುವ ಹೆಸರೆಲ್ಲ ಅದರಲ್ಲಿತ್ತು. ಉಕಾರ ಇರುವುದೆಲ್ಲ ಇತ್ತು. ಭ, ಠ ಇದ್ದ ಕೆಲವೂ ಇದ್ದವು.

ಕಾರಣ 1252ರ ಪಟ್ಟಿಯಲ್ಲೇ ಇದೆ. ಅದರಲ್ಲಿ ಐದು ಮನೆ ಖಾಲಿ: `81`, `8D`, `8F`, `90`, `9D`. ಕನ್ನಡದ ದುರದೃಷ್ಟ ನೋಡಿ. ಒತ್ತಕ್ಷರ ಕೂಡಿಸುವ ಹಲಂತ, ಅಂದರೆ ್ ಚಿಹ್ನೆಯ ಬೈಟ್‌ಗಳು `E0 B3 8D`. ಉಕಾರದ ು ಚಿಹ್ನೆ `E0 B3 81`. ಎರಡರ ಕೊನೆಯ ಬೈಟೂ ಖಾಲಿ ಮನೆಯಲ್ಲೇ ಬಿದ್ದವು. ಏ, ಐ, ಝ ಉಳಿದ ಮೂರು ಮನೆಗಳಲ್ಲಿ. ಠ ಅಕ್ಷರದ ಕೊನೆಯ ಬೈಟ್ `A0`, ಅದು 1252ರಲ್ಲಿ ಮುರಿಯದ ಖಾಲಿ ಜಾಗ. ಭ ಅಕ್ಷರದ್ದು `AD`, ಅದು ಸಾಲು ಮುರಿದಾಗ ಮಾತ್ರ ಕಾಣುವ ಅಡ್ಡಗೆರೆ.

ವಿಂಡೋಸ್ ತಾನಾಗಿ ಓದಿದರೆ ಖಾಲಿ ಮನೆಯ ಬೈಟನ್ನು ಕಣ್ಣಿಗೆ ಕಾಣದ ಒಂದು ಕಂಟ್ರೋಲ್ ಚಿಹ್ನೆಯಾಗಿ ಇಟ್ಟುಕೊಳ್ಳುತ್ತದೆ, ಬರೆಯುವಾಗ ವಾಪಸ್ ಕೊಡುತ್ತದೆ. ಎಕ್ಸೆಲ್ ಕೈಯಲ್ಲಿ ಗಂಗಮ್ಮ ಉಳಿದಿದ್ದು ಹೀಗೆ. ಪೈಥಾನ್‌ನ `cp1252` ಕಟ್ಟುನಿಟ್ಟು, ಖಾಲಿ ಮನೆ ಬಂದರೆ ಎರರ್ ಎಸೆಯುತ್ತದೆ. ಅದನ್ನಾದರೂ ಸುಧಾರಿಸಬಹುದು.

```python
def hinde(s):
    b = bytearray()
    for ch in s:
        try:
            b += ch.encode("cp1252")
        except UnicodeEncodeError:
            b.append(ord(ch))
    return b.decode("utf-8")
```

ಕಂಟ್ರೋಲ್ ಚಿಹ್ನೆ ಉಳಿದುಕೊಂಡಿದ್ದರೆ ಇದು ಗಂಗಮ್ಮನನ್ನೂ ವಾಪಸ್ ತರುತ್ತದೆ. ಸರಿಯಾಗೇ ಇರುವ ಕನ್ನಡ ಹೆಸರನ್ನು ಅಪ್ಪಿತಪ್ಪಿ ಇದಕ್ಕೆ ಕೊಟ್ಟರೆ ಎರರ್ ಬರುತ್ತದೆ, ಹೆಸರು ಕೆಡುವುದಿಲ್ಲ. ಆದರೆ ಈ ಹೊಸ ಸಾಫ್ಟ್‌ವೇರ್ ಇಂಪೋರ್ಟ್ ಮಾಡುವಾಗ "ಬೇಡದ ಚಿಹ್ನೆ"ಗಳನ್ನು ಗುಡಿಸುತ್ತಿತ್ತು. ಕಂಟ್ರೋಲ್ ಚಿಹ್ನೆಗಳನ್ನೂ ಆ ಕಾಣದ ಅಡ್ಡಗೆರೆಯನ್ನೂ ತೆಗೆಯುವುದು, ಮುರಿಯದ ಜಾಗವನ್ನು ಮಾಮೂಲಿ ಜಾಗ ಮಾಡುವುದು. ಒಳ್ಳೆಯ ಉದ್ದೇಶವೇ. ಆದರೆ `à³` ಆದ ಮೇಲೆ ಏನೂ ಉಳಿದಿಲ್ಲ ಎಂದರೆ ಅಲ್ಲಿ ಇದ್ದಿದ್ದು ್ ಚಿಹ್ನೆಯೋ ು ಚಿಹ್ನೆಯೋ ಹೇಳಲು ಬರುವುದಿಲ್ಲ. ಗಂಗಮ್ಮನ ವಿಷಯದಲ್ಲಿ ಊಹಿಸಬಹುದು. 1,846 ಹೆಸರನ್ನು ಊಹಿಸಲು ಆಗುತ್ತದಾ? ಅದರಲ್ಲೂ ಸಾಲದ ಖಾತೆಯ ಹೆಸರು!

ಹಾಗಾಗಿ ಆ ಹುಡುಗನಿಗೆ, "ಡೇಟಾಬೇಸ್ ಒಳಗೆ ಏನೂ ಮಾಡಬೇಡಪ್ಪ, ಎಲ್ಲ ಅಳಿಸಿಬಿಡು, ಫೈಲಿನಿಂದಲೇ ಮತ್ತೆ ಶುರು ಮಾಡೋಣ" ಎಂದೆ. ಈ ಸಲ ಪಟ್ಟಿಯಲ್ಲಿ `UTF-8` ಆಯ್ಕೆ ಮಾಡಿದೆವು. ಗಂಗಮ್ಮ, ಮಂಜುಳಾ, ಲಕ್ಷ್ಮಿ ಎಲ್ಲರೂ ಬಂದು ಕೂತರು. 1,097 ಸಾಲು ಒಂದೇ ಏಟಿಗೆ ಸರಿ.

ಉಳಿದ 749ರಲ್ಲಿ 137 ಸಾಲು ನಮ್ಮ ಗುಮಾಸ್ತರು ತಿದ್ದಿದ್ದು, ಅಲ್ಲಿ ಪ್ರಶ್ನಾರ್ಥಕ ಚಿಹ್ನೆ. ಮಿಕ್ಕ 612 ಸಾಲು ಈಗ ಹೊಸ ವೇಷದಲ್ಲಿ ಕಂಡವು. ವಿಳಾಸದಲ್ಲಿ `PÀ£ÁðlPÀ` ಎಂದಿತ್ತು.

ನುಡಿಯಲ್ಲಿ ಕೆಲಸ ಮಾಡಿದವರಿಗೆ ಇದು ಗೊತ್ತೇ ಇರುತ್ತದೆ. ಇದು ಕರ್ನಾಟಕ. ಯೂನಿಕೋಡ್ ನಮ್ಮ ಕಚೇರಿಗಳಿಗೆ ಬರುವ ಮೊದಲು ಕನ್ನಡ ಗಣಕ ಪರಿಷತ್ತಿನ ನುಡಿಯಂಥ ತಂತ್ರಾಂಶಗಳಲ್ಲಿ ಕನ್ನಡವನ್ನು ಫಾಂಟ್ ಮೂಲಕ ತೋರಿಸುತ್ತಿದ್ದರು. ಫೈಲಿನಲ್ಲಿ ಇರುವುದು `P`, `À`, `£` ಎಂಬ ಅಕ್ಷರಗಳೇ. ಆ ಫಾಂಟಿನಲ್ಲಿ `P` ಜಾಗದಲ್ಲಿ ಕ ಅಕ್ಷರದ ಮೈ, `À` ಜಾಗದಲ್ಲಿ ತಲೆಕಟ್ಟು ಬರೆದಿರುತ್ತಾರೆ. ಫಾಂಟ್ ಹಾಕಿದರೆ ಕನ್ನಡ, ತೆಗೆದರೆ ಈ ವೇಷ. ಇಲ್ಲಿ ಯಾವ ಎನ್‌ಕೋಡಿಂಗ್ ತಪ್ಪೂ ಆಗಿಲ್ಲ. ನಾನು ಮೊದಲು ಹೇಳಿದ "ಕಾಯಿಲೆಯೇ ಅಲ್ಲ" ಎಂಬುದು ಇದೇ.

ಹಳೆಯ ಸಾಫ್ಟ್‌ವೇರಿನಲ್ಲಿ ಇಷ್ಟು ವರ್ಷ ಯಾರಿಗೂ ಇದು ಯಾಕೆ ಗೊತ್ತಾಗಲಿಲ್ಲ? ಅದರ ಪರದೆಗೆ ನುಡಿ ಫಾಂಟ್ ಹಾಕಿಟ್ಟಿದ್ದರು. ಹಳೆಯ ಸದಸ್ಯರ `PÀ£ÁðlPÀ` ಆ ಫಾಂಟಿನಲ್ಲಿ ಕನ್ನಡವಾಗಿ ಕಾಣುತ್ತಿತ್ತು. ಹೊಸ ಸದಸ್ಯರನ್ನು ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದರು. ನುಡಿ ಫಾಂಟಿನಲ್ಲಿ ಯೂನಿಕೋಡ್ ಕನ್ನಡ ಇಲ್ಲದ ಕಾರಣ ವಿಂಡೋಸ್ ತನ್ನ ತುಂಗಾ ಫಾಂಟಿನಿಂದ ಎರವಲು ತಂದು ತೋರಿಸುತ್ತಿತ್ತು. ಅಕ್ಷರದ ದಪ್ಪ ಸ್ವಲ್ಪ ಬೇರೆ ಇತ್ತಂತೆ. "ಪ್ರಿಂಟರ್ ಸರಿ ಇಲ್ಲ ಅಂದ್ಕೊಂಡಿದ್ವಿ" ಎಂದರು ಭಾವ.

ಆ 612 ಸಾಲನ್ನು ಬೇರೆ ಮಾಡಿ, ನುಡಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಕ್ಕೆ ಕೊಟ್ಟೆ. ಬೇರೆ ಮಾಡಿದ್ದು ಮುಖ್ಯ. ಪರಿವರ್ತಕಕ್ಕೆ ಇಂಗ್ಲಿಷ್ ಯಾವುದು, ನುಡಿ ಯಾವುದು ಎಂದು ಗೊತ್ತಾಗುವುದಿಲ್ಲ. ಕೆಲವು ಕೋಶದಲ್ಲಿ `S/o` ಎಂದು ಇಂಗ್ಲಿಷಿನಲ್ಲಿತ್ತು. ಮೊದಲ ಸಲ ಅದೂ ಅರ್ಥವಿಲ್ಲದ ಕನ್ನಡವಾಗಿ ಬಂತು. ಆಮೇಲೆ ಅವನ್ನು ಮೊದಲೇ ಕಿತ್ತು ಬೇರೆ ಕಾಲಂಗೆ ಹಾಕಿ ಓಡಿಸಿದೆ. ಇನ್ನೊಂದು ಕಡೆ ಕಣ್ಣಿಡಬೇಕಾದ್ದು ಅರ್ಕಾವತ್ತು. ನುಡಿಯಲ್ಲಿ ಅದು ಅಕ್ಷರದ ನಂತರ ಬರುತ್ತದೆ, `£Áð` ನೋಡಿ, ಕೊನೆಯ `ð` ಅದೇ. ಯೂನಿಕೋಡ್‌ನಲ್ಲಿ ರ್ ಮೊದಲು, ನಾ ಆಮೇಲೆ. ಪರಿವರ್ತಕ ಇದನ್ನು ಹಿಂದುಮುಂದು ಮಾಡಬೇಕು. ಒಳ್ಳೆಯ ಪರಿವರ್ತಕವಾದರೆ ಮಾಡುತ್ತದೆ. ಆದರೂ ಪಾರ್ವತಿ, ದುರ್ಗಪ್ಪ ಥರದ ಹೆಸರನ್ನೆಲ್ಲ ಸೋಸಿ ತೆಗೆದು ಒಂದೊಂದಾಗಿ ಓದಿದೆವು.

ಮಧ್ಯೆ ಒಂದು ಸಣ್ಣ ಫೈಲ್ ಎಲ್ಲದಕ್ಕೂ ಯುಟಿಎಫ್-8 ಒತ್ತುವ ಅಭ್ಯಾಸವನ್ನೂ ಬಿಡಿಸಿತು. ಪಕ್ಕದ ಊರಿನ ಶಾಖೆಯವರು ನುಡಿಯಲ್ಲೇ ಟೈಪ್ ಮಾಡಿ, ನೋಟ್‌ಪ್ಯಾಡ್‌ನಲ್ಲಿ ಎಎನ್‌ಎಸ್‌ಐ ಎಂದು ಉಳಿಸಿ ಕಳಿಸಿದ್ದರು. ಯುಟಿಎಫ್-8 ಎಂದು ಓದಿದರೆ ಕನ್ನಡ ಎಂಬ ಪದ `P����q�` ಆಗಿ ಬಂತು. ನುಡಿಯಲ್ಲಿ ಅತಿ ಜಾಸ್ತಿ ಬರುವ `À` ಮತ್ತು `Á` ಅಕ್ಷರಗಳ ಬೈಟ್ `C0` ಮತ್ತು `C1`. ಈ ಎರಡು ಬೈಟ್ ಸರಿಯಾದ ಯುಟಿಎಫ್-8 ಫೈಲಿನಲ್ಲಿ ಎಲ್ಲೂ ಬರುವಂತಿಲ್ಲ. ಅದಕ್ಕೇ ಆ ಕಪ್ಪು ವಜ್ರದ ಗುರುತು. ಇಂಥ ಫೈಲನ್ನು 1252 ಎಂದೇ ಓದಿಸಿ, ಆಮೇಲೆ ಪರಿವರ್ತಕಕ್ಕೆ ಕೊಡಬೇಕು. ಆ ಗುರುತು ಕಂಡಾಗ ಸೇವ್ ಮಾತ್ರ ಒತ್ತಬಾರದು. ಒತ್ತಿದರೆ ಅದೂ `?` ಇದ್ದ ಹಾಗೇ, ಮೂಲ ಅಕ್ಷರ ಹೋಯಿತು.

ದಿನಾಂಕದ ವಿಷಯ ಸಂಜೆ ಹೊತ್ತಿಗೆ ಸಿಕ್ಕಿತು, ಅದೂ ಆಕಸ್ಮಿಕವಾಗಿ. ಭಾವ ತಮ್ಮದೇ ದಾಖಲೆ ತೆಗೆದು, "ನಾನು ಹುಟ್ಟಿದ್ದು ಮಾರ್ಚ್ 5, ಇಲ್ಲಿ ಮೇ 3 ಇದೆಯಲ್ಲ" ಎಂದರು. ಅಕ್ಷರದ ಗೊಂದಲದಲ್ಲಿ ನಾನು ದಿನಾಂಕದ ಕಡೆ ನೋಡಿಯೇ ಇರಲಿಲ್ಲ.

ಇದು ಅದೇ ಯಂತ್ರದ ಇನ್ನೊಂದು ಸೆಟ್ಟಿಂಗ್. ವಿಂಡೋಸ್‌ನಲ್ಲಿ ಎನ್‌ಕೋಡಿಂಗ್‌ಗೆ ಒಂದು ಆಯ್ಕೆ, ದಿನಾಂಕ ಬರೆಯುವ ರೀತಿಗೆ ಬೇರೆ ಆಯ್ಕೆ. ದಿನಾಂಕದ ಆಯ್ಕೆಯಲ್ಲಿ `English (United States)` ಇತ್ತು. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಫೈಲಿನ `05/03/1972` ಎಕ್ಸೆಲ್‌ಗೆ ಮೇ 3 ಆಯಿತು. `25/03/1972` ಬಂದಾಗ 25ನೇ ತಿಂಗಳು ಇಲ್ಲವಲ್ಲ, ಅದನ್ನು ದಿನಾಂಕವೇ ಅಲ್ಲ ಎಂದು ಬರೀ ಪಠ್ಯವಾಗಿ ಇಟ್ಟುಕೊಂಡಿತು. ಯಾವ ಎಚ್ಚರಿಕೆಯೂ ಇಲ್ಲ. ಕಾಣುವ ಸುಳಿವು ಒಂದೇ. ದಿನಾಂಕ ಎಂದು ಒಪ್ಪಿದ್ದು ಕೋಶದ ಬಲಕ್ಕೆ ಸರಿಯುತ್ತದೆ, ಪಠ್ಯ ಎಡಕ್ಕೆ ನಿಲ್ಲುತ್ತದೆ.

ಹಾಗೇ ಸೇವ್ ಮಾಡಿದ್ದರೆ ಇಲ್ಲೂ ಏನೂ ಆಗುತ್ತಿರಲಿಲ್ಲ. ಮೇ 3 ಅಮೆರಿಕನ್ ರೀತಿಯಲ್ಲಿ `5/3/1972` ಎಂದೇ ಬರೆದುಕೊಳ್ಳುತ್ತಿತ್ತು, ನಾವು ಅದನ್ನು ಮಾರ್ಚ್ 5 ಎಂದೇ ಓದುತ್ತಿದ್ದೆವು. ಆದರೆ ಗುಮಾಸ್ತರಿಗೆ ಅಲ್ಲೂ ಅಂದ ಬೇಕಿತ್ತು. ಕೆಲವು ದಿನಾಂಕ ಎಡಕ್ಕೆ, ಕೆಲವು ಬಲಕ್ಕೆ ಇದ್ದಿದ್ದು ನೋಡಿ ಇಡೀ ಕಾಲಂ ಆರಿಸಿ `dd-mm-yyyy` ಕೊಟ್ಟಿದ್ದರು. ಆಗ ಮೇ 3 ಎಂಬುದು `03-05-1972` ಎಂದು ಗಟ್ಟಿಯಾಯಿತು. ಪಠ್ಯವಾಗಿ ಉಳಿದಿದ್ದ `25/03/1972` ಮಾತ್ರ ಅಲುಗಾಡಲಿಲ್ಲ.

ಅವರ ಆ ತಿದ್ದುಪಡಿ ಈ ಸಲ ನಮಗೆ ಉಪಕಾರವನ್ನೂ ಮಾಡಿತ್ತು. ಅಡ್ಡಗೆರೆ ಇದ್ದ ದಿನಾಂಕವೆಲ್ಲ ತಿರುಗುಮುರುಗು ಆದದ್ದು. ಓರೆಗೆರೆ ಇದ್ದದ್ದೆಲ್ಲ ಸರಿ ಇರುವುದು. ಗುರುತು ಹಾಕಿ ಕೊಟ್ಟ ಹಾಗೆ! ವರ್ಷದ 365 ದಿನದಲ್ಲಿ ತಾರೀಖು 12 ಅಥವಾ ಅದಕ್ಕಿಂತ ಕಡಿಮೆ ಇರುವುದು 144 ದಿನ, ಅಂದರೆ ನೂರಕ್ಕೆ ಸುಮಾರು 39. ಅಡ್ಡಗೆರೆಯ ಸಾಲುಗಳನ್ನು ಎಣಿಸಿದಾಗ ಹೆಚ್ಚುಕಡಿಮೆ ಅಷ್ಟೇ ಇತ್ತು. ಜೊತೆಗೆ ಅವುಗಳಲ್ಲಿ ಒಂದರಲ್ಲೂ ದಿನವಾಗಲಿ ತಿಂಗಳಾಗಲಿ 12 ದಾಟಿರಲಿಲ್ಲ. ನಮ್ಮ ಊಹೆ ಸರಿ ಎಂದು ಖಾತ್ರಿಯಾಯಿತು. ಅಡ್ಡಗೆರೆಯ ಸಾಲುಗಳಲ್ಲಿ ಮಾತ್ರ ದಿನ ಮತ್ತು ತಿಂಗಳು ಅದಲುಬದಲು ಮಾಡಿದೆ. ಇದನ್ನು ಬಿಟ್ಟಿದ್ದರೆ ಹಿರಿಯ ನಾಗರಿಕರ ಠೇವಣಿಗೆ ಕೊಡುವ ಹೆಚ್ಚಿನ ಬಡ್ಡಿ ಕೆಲವರಿಗೆ ತಿಂಗಳುಗಟ್ಟಲೆ ಮೊದಲೋ ಆಮೇಲೋ ಶುರುವಾಗುತ್ತಿತ್ತು. ಯಾರೂ ಕಾರಣ ಹುಡುಕುತ್ತಿರಲಿಲ್ಲ.

ಸದಸ್ಯರ ಸಂಖ್ಯೆ `00417` ಇದ್ದದ್ದು `417` ಆಗಿತ್ತು. ಅದು ಸಣ್ಣದು, ಎಲ್ಲಕ್ಕೂ ಐದು ಅಂಕಿ ತುಂಬಿಸಿದೆವು.

ಉಳಿದಿದ್ದು ಆ 137. ಇವನ್ನು ಯಾವ ಕೋಡೂ ತರುವುದಿಲ್ಲ, ಬೇರೆ ಮೂಲ ಬೇಕು. ಸಂಘದ ಹಿಂದಿನ ಆಡಳಿತ ಮಂಡಳಿ ಚುನಾವಣೆಗೆ ಅಚ್ಚು ಹಾಕಿಸಿದ್ದ ಮತದಾರರ ಪಟ್ಟಿ ಬೀರುವಿನಲ್ಲಿತ್ತು. ಅದರಲ್ಲಿ ಸದಸ್ಯರ ಸಂಖ್ಯೆ, ಹೆಸರು ಎರಡೂ ಇದ್ದವು. ಸಂಖ್ಯೆ ನಮ್ಮ ಫೈಲಿನಲ್ಲೂ ಕೆಟ್ಟಿರಲಿಲ್ಲ. ಗುಮಾಸ್ತರು ಓದುತ್ತಾ ಹೋದರು, ನಾನು ಬೇರೊಂದು ಹಾಳೆಯಲ್ಲಿ ಟೈಪ್ ಮಾಡಿದೆ.

ಟೈಪ್ ಮಾಡುವಾಗ ಒಂದು ವಿಷಯ ಹೊಳೆಯಿತು. ಪ್ರಶ್ನಾರ್ಥಕ ಚಿಹ್ನೆಗಳು ಪೂರ್ತಿ ದಂಡ ಅಲ್ಲ. ಒಂದು ಯೂನಿಕೋಡ್ ಚಿಹ್ನೆಗೆ ಒಂದು `?` ಬಿದ್ದಿದೆ. ಅಂದರೆ ಹೆಸರು ಹೋದರೂ ಅದರ ಉದ್ದ ಉಳಿದಿದೆ. ಲಕ್ಷ್ಮಿ ನೋಡಲು ಎರಡೇ ಅಕ್ಷರ. ಆದರೆ ಒಳಗೆ ಲ, ಕ, ್, ಷ, ್, ಮ, ಿ ಎಂದು ಏಳು. ಹಾಗಾಗಿ ಏಳು `?`. ಹೆಸರಿನ ನಡುವಿನ ಖಾಲಿ ಜಾಗ, ಚುಕ್ಕಿ, ಇಂಗ್ಲಿಷ್ ಇನಿಷಿಯಲ್ ಹಾಗೇ ಉಳಿದಿರುತ್ತವೆ. ಹಾಗಾದರೆ ನಾವು ಈಗ ಟೈಪ್ ಮಾಡಿದ ಹೆಸರಿನ ಉದ್ದ, ಹಳೆಯ ಪ್ರಶ್ನಾರ್ಥಕಗಳ ಉದ್ದ ಎರಡೂ ಒಂದೇ ಇರಬೇಕು. ಎಕ್ಸೆಲ್‌ನಲ್ಲಿ ಎರಡು ಕಾಲಂ ಪಕ್ಕಪಕ್ಕ ಇಟ್ಟು ಹೋಲಿಸಿದೆ.

```
=LEN(C2)=LEN(D2)
```

ಉದ್ದ ಒಂದೇ ಆದ ಮಾತ್ರಕ್ಕೆ ಹೆಸರು ಅದೇ ಎಂದು ಸಾಬೀತಾಗುವುದಿಲ್ಲ. ಕಮಲ, ವಿಮಲ ಬೇರೆ ಉದ್ದ ಸರಿ, ಆದರೆ ಕಮಲ ಮತ್ತು ಸರಳ ಎರಡಕ್ಕೂ ಮೂರೇ. ಸದಸ್ಯರ ಸಂಖ್ಯೆ ಹೊಂದಿದ ಮೇಲೆ ನಮ್ಮ ಟೈಪಿಂಗ್ ತಪ್ಪು ಹಿಡಿಯಲು ಇದು ಸಾಕಾಯಿತು. 137ರಲ್ಲಿ 131 ಹೊಂದಿದವು. ಆರು ಹೊಂದಲಿಲ್ಲ.

ಆರರಲ್ಲಿ ಐದು ನನ್ನದೇ ತಪ್ಪು. ಆರನೆಯದರಲ್ಲಿ ಅಚ್ಚಿನ ಪಟ್ಟಿಯಲ್ಲಿ ಶಂಕರಪ್ಪ ಎಂದಿತ್ತು, ಅದಕ್ಕೆ ಏಳು ಬೇಕು. ಫೈಲಿನಲ್ಲಿ ಎಂಟು `?` ಇದ್ದವು. ನಾನು ಮೂರು ಸಲ ಎಣಿಸಿದೆ. ಗುಮಾಸ್ತರು ಇಣುಕಿ ನೋಡಿ, "ಓ, ಇವರಾ! ಆಧಾರ್‌ನಲ್ಲಿ ಶಂಕ್ರಪ್ಪ ಅಂತಿದೆ ಸಾರ್, ಸಬ್ಸಿಡಿ ಹಣ ವಾಪಸ್ ಹೋಗಿತ್ತು. ಅದಕ್ಕೆ ಟೈಪ್ ಮಾಡುವಾಗಲೇ ಸರಿ ಮಾಡಿದ್ದೆ" ಎಂದರು. ಶ, ಂ, ಕ, ್, ರ, ಪ, ್, ಪ. ಎಂಟು.